ಕಿಟ್ ಮೊದಲೋ, ಗ್ರಾಹಕರು ಮೊದಲೋ: ಮನೆಯಲ್ಲೇ ಬ್ಯೂಟಿಷಿಯನ್ ಕೆಲಸ ಆರಂಭಿಸಿದ ಮಹಿಳೆಯ ಪ್ರಕರಣ

ಈ ಪ್ರಕರಣದ ಮಹಿಳೆಯನ್ನು ಸುಮಾ ಎಂದು ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರನ್ನೂ ಗುರುತು ಸಿಗಬಹುದಾದ ಇತರ ವಿವರಗಳನ್ನೂ ಬದಲಿಸಿದ್ದೇನೆ. ವಯಸ್ಸು ಮೂವತ್ತರ ಆಸುಪಾಸು, ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ವಾಸ, ಪತಿ ಸರಕು ಸಾಗಣೆ ವಾಹನದ ಚಾಲಕರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಮನೆಯಲ್ಲಿ ಅತ್ತೆ. ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯೊಂದರಲ್ಲಿ ಸುಮಾರು ಒಂದು ತಿಂಗಳ ಬ್ಯೂಟಿ ಪಾರ್ಲರ್ ತರಬೇತಿ ಮುಗಿಸಿ, ಆಷಾಢ ಮಾಸದ ಆರಂಭದಲ್ಲಿ ಅವರು ನಮ್ಮ ಸಲಹಾ ಕೇಂದ್ರಕ್ಕೆ ಬಂದರು.

ಅವರ ಕೈಯಲ್ಲಿ ನಗರದ ಸೌಂದರ್ಯವರ್ಧಕಗಳ ಅಂಗಡಿಯೊಂದು ಬರೆದುಕೊಟ್ಟಿದ್ದ 68,000 ರೂಪಾಯಿಗಳ ಪಟ್ಟಿಯಿತ್ತು. ವಧುವಿನ ಮೇಕಪ್‌ಗೆ ಬೇಕಾದ ಪೂರ್ಣ ಕಿಟ್ ಎಂದು ಅದರ ತಲೆಬರಹ. ಸ್ತ್ರೀಶಕ್ತಿ ಸಂಘದಿಂದ 50,000 ಸಾಲ ತೆಗೆದು, ಉಳಿದದ್ದಕ್ಕೆ ಸರ ಅಡವಿಡುವುದು ಅವರ ಯೋಚನೆ. "ಒಂದು ಮದುವೆ ಸೀಸನ್ನಿನಲ್ಲಿ ಸಾಲ ತೀರಿಬಿಡುತ್ತೆ ಅಂತ ಅಂಗಡಿಯವರೇ ಹೇಳಿದರು ಮೇಡಂ, ನಮ್ಮ ಅತ್ತೆ ಮಾತ್ರ ಬೇಡವೇ ಬೇಡ ಅಂತಾರೆ" ಎಂದರು. ಅತ್ತೆಯನ್ನು ಹೇಗೆ ಒಪ್ಪಿಸುವುದು ಎಂದು ಕೇಳಲು ಅವರು ಬಂದಿದ್ದರೇ ಹೊರತು, ಕಿಟ್ ಕೊಳ್ಳಬೇಕೇ ಬೇಡವೇ ಎಂದು ಕೇಳಲು ಅಲ್ಲ.

ತರಬೇತಿಯ ನಂತರ ಎಷ್ಟು ಮಂದಿಗೆ ಮೇಕಪ್ ಮಾಡಿದ್ದೀರಿ ಎಂದು ಕೇಳಿದೆ. ಚಿಕ್ಕಮ್ಮನ ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ. ಐಬ್ರೋ ಮಾತ್ರ ಚೆನ್ನಾಗಿ ಬರುತ್ತದೆ, ಓಣಿಯ ಹುಡುಗಿಯರು ಆಗಲೇ ಬರುತ್ತಿದ್ದಾರೆ, ಆದರೆ ಪರಿಚಿತರೆಂದು ದುಡ್ಡು ಕೇಳಿಲ್ಲ ಎಂದರು. ಸಾಲದ ಕಂತು ತಿಂಗಳಿಗೆ ಸುಮಾರು 2,500 ಬರುತ್ತಿತ್ತು. ಅವರ ಊರಿನಲ್ಲಿ ಒಂದು ಐಬ್ರೋಗೆ 40 ರೂಪಾಯಿ ದರ. ಅಂದರೆ ಕಂತು ಕಟ್ಟುವುದಕ್ಕೇ ತಿಂಗಳಿಗೆ 63 ಮಂದಿಗೆ ಐಬ್ರೋ ಮಾಡಬೇಕು. ಈ ಲೆಕ್ಕವನ್ನು ಅವರ ಕೈಯಿಂದಲೇ ಬರೆಸಿದೆ.

ಆದರೆ ನಾನು ಸಾಲ ಬೇಡವೆಂದದ್ದಕ್ಕೆ ಕಂತಿಗಿಂತ ದೊಡ್ಡ ಕಾರಣ ಇನ್ನೊಂದಿತ್ತು. ಮೇಕಪ್ ಸಾಮಗ್ರಿಗೆ ಆಯಸ್ಸಿದೆ. ಡಬ್ಬಿಯ ಮೇಲೆ ಮುಚ್ಚಳ ತೆರೆದ ಪುಟ್ಟ ಭರಣಿಯ ಚಿತ್ರವಿದ್ದು, ಅದರಲ್ಲಿ 6 ಅಥವಾ 12 ಎಂಬ ಸಂಖ್ಯೆ ಇರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳಷ್ಟೇ ಬಳಸಬೇಕು ಎಂದು ಅರ್ಥ. ಮಸ್ಕಾರಾ ಮೂರು ತಿಂಗಳಿಗೇ ಬದಲಿಸಬೇಕಾದ ವಸ್ತು. ಆಷಾಢದಲ್ಲಿ ಮದುವೆಗಳಿಲ್ಲ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲೂ ಇಲ್ಲ. ಪರಿಚಯವೇ ಇಲ್ಲದ ಹೊಸಬರಿಗೆ ಮೊದಲ ವರ್ಷ ಸಿಗುವ ವಧುಗಳು ನಾಲ್ಕೈದು ಮಂದಿಯಾದರೆ ಹೆಚ್ಚು. ಹೀಗಿರುವಾಗ 24 ಶೇಡ್‌ಗಳ ಫೌಂಡೇಶನ್ ಸೆಟ್ ಕೊಂಡರೆ, ಅದರಲ್ಲಿ ಇಪ್ಪತ್ತು ಶೇಡ್‌ಗಳು ಬಳಕೆಗೇ ಬಾರದೆ ಹಳತಾಗುತ್ತವೆ, ಕಂತು ಮಾತ್ರ ಉಳಿಯುತ್ತದೆ. ಪಟ್ಟಿಯಲ್ಲಿದ್ದ ಏರ್‌ಬ್ರಷ್ ಯಂತ್ರವನ್ನು ಅವರು ತರಬೇತಿಯಲ್ಲಿ ಒಮ್ಮೆಯೂ ಕೈಯಲ್ಲಿ ಹಿಡಿದಿರಲಿಲ್ಲ.

ಅತ್ತೆಯವರನ್ನೂ ಮುಂದಿನ ಭೇಟಿಗೆ ಕರೆಸಿ ಮಾತನಾಡಿದೆ. ಅವರ ಆಕ್ಷೇಪ ಕೆಲಸದ ಬಗ್ಗೆ ಇರಲಿಲ್ಲ. ಹೊತ್ತುಗೊತ್ತಿಲ್ಲದೆ ಹೊರಗಿನವರು ನಡುಮನೆಗೆ ಬರುವುದು ಮತ್ತು ಕೂದಲು ಅಡುಗೆಮನೆಯವರೆಗೆ ಹಾರಿಬರುವುದು ಅವರಿಗೆ ಸಹಿಸದು. ಇದು ನ್ಯಾಯವಾದ ಮಾತು. ಜಗಲಿಯ ಪಕ್ಕದ ಕೋಣೆಗೆ ಪರದೆ ಕಟ್ಟುವುದು, ಬೆಳಿಗ್ಗೆ 11ರಿಂದ 3ರವರೆಗೆ ಮಾತ್ರ ಕೆಲಸ, ಕಾಲೇಜು ಹುಡುಗಿಯರಿಗಾಗಿ ಶನಿವಾರ ಸಂಜೆ ಎಂಬ ಏರ್ಪಾಟಿಗೆ ಅವರು ಒಪ್ಪಿದರು.

ಮೊದಲ ಹಂತಕ್ಕೆ ನಾವು ಬರೆದ ಪಟ್ಟಿ 3,500 ರೂಪಾಯಿಯೊಳಗೆ ಮುಗಿಯಿತು. ತಲೆ ಹಿಂದಕ್ಕೆ ಒರಗಿಸಲು ಬರುವ ಕುರ್ಚಿ, ಬಿಳಿ ಬೆಳಕಿನ ದೀಪ, ಥ್ರೆಡಿಂಗ್ ದಾರದ ಉಂಡೆಗಳು, ಸಣ್ಣ ಕತ್ತರಿ, ಪ್ಲಕ್ಕರ್, ಪೌಡರ್, ಅಲೋವೆರಾ ಜೆಲ್, ಸ್ಪಿರಿಟ್ ಮತ್ತು ಒಬ್ಬರಿಗೆ ಒಂದರಂತೆ ಬಳಸಿ ಒಗೆಯಲು ಹನ್ನೆರಡು ಬಿಳಿ ಕರವಸ್ತ್ರ. ಈ ಹಣಕ್ಕೆ ಸಾಲ ಬೇಕಾಗಲಿಲ್ಲ. ಪರಿಚಿತರಿಂದ ದುಡ್ಡು ಕೇಳುವ ಸಂಕೋಚಕ್ಕೆ ದರಪಟ್ಟಿಯನ್ನು ಗೋಡೆಗೆ ಅಂಟಿಸುವುದೇ ಪರಿಹಾರವಾಯಿತು. ಬಾಯಿಬಿಟ್ಟು ಕೇಳುವ ಪ್ರಮೇಯವೇ ಬರಲಿಲ್ಲ.

ಥ್ರೆಡಿಂಗ್‌ನಿಂದ ಸಂಸಾರ ನಡೆಯುವುದಿಲ್ಲ, ಅದನ್ನು ಸುಮಾ ಅವರಿಗೆ ಮೊದಲೇ ಹೇಳಿದ್ದೆ. ಆದರೆ ಹುಬ್ಬಿನ ಕೂದಲು ಮೂರು ನಾಲ್ಕು ವಾರಕ್ಕೆ ಮತ್ತೆ ಬೆಳೆಯುವುದರಿಂದ, ಕೆಲಸ ಹಿಡಿಸಿದ ಹೆಣ್ಣುಮಗಳು ತಿಂಗಳಿಗೊಮ್ಮೆ ಬಂದೇ ಬರುತ್ತಾಳೆ, ಕುರ್ಚಿಯಲ್ಲಿ ಕೂತು ಮನೆಯ ಸುದ್ದಿ ಹೇಳುತ್ತಾಳೆ, ತಂಗಿಯ ನಿಶ್ಚಿತಾರ್ಥ ಯಾವಾಗ ಎಂಬುದು ಅಲ್ಲೇ ತಿಳಿಯುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಕೈ ಚೆನ್ನಾಗಿ ಪಳಗಿರಬೇಕು. ಬಂದವರು ಒಂದು ಕೈಯಿಂದ ಹಣೆಯನ್ನು ಮೇಲಕ್ಕೂ, ಇನ್ನೊಂದು ಕೈಯಿಂದ ರೆಪ್ಪೆಯನ್ನು ಕೆಳಕ್ಕೂ ಬಿಗಿಯಾಗಿ ಹಿಡಿಯುವಂತೆ ನೋಡಿಕೊಳ್ಳಬೇಕು. ಚರ್ಮ ಸಡಿಲವಾದರೆ ದಾರ ಚರ್ಮವನ್ನೇ ಕಚ್ಚಿ ಗೀರು ಬೀಳುತ್ತದೆ. ಎರಡೂ ಹುಬ್ಬು ಸಮ ಮಾಡಲು ಹೋಗಿ ಒಂದಾದ ಮೇಲೊಂದರಂತೆ ತೆಗೆಯುತ್ತಾ ಹೋದರೆ ಕೊನೆಗೆ ಗೆರೆ ಮಾತ್ರ ಉಳಿಯುತ್ತದೆ. ಅನುಮಾನ ಬಂದಲ್ಲಿ ನಾಲ್ಕು ಕೂದಲು ಬಿಟ್ಟುಬಿಡಿ, ಮುಂದಿನ ತಿಂಗಳು ಸರಿಪಡಿಸಬಹುದು ಎಂದೆ. ವ್ಯಾಕ್ಸಿಂಗ್ ಅಥವಾ ಬ್ಲೀಚ್ ಕೇಳಿದವರನ್ನು, ಮುಖಕ್ಕೆ ಯಾವ ಕ್ರೀಮ್ ಹಚ್ಚುತ್ತೀರಿ ಎಂದು ತಪ್ಪದೇ ವಿಚಾರಿಸುವಂತೆ ಹೇಳಿದೆ. ಬೆಳ್ಳಗಾಗುವುದಕ್ಕೆಂದು ಔಷಧಿ ಅಂಗಡಿಯಿಂದ ತಂದ ಸ್ಟೀರಾಯ್ಡ್ ಕ್ರೀಮ್ ಹಚ್ಚುವವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ಅಂಥ ಚರ್ಮ ತೆಳುವಾಗಿರುತ್ತದೆ, ವ್ಯಾಕ್ಸ್ ಜೊತೆ ಕಿತ್ತುಬರಬಹುದು.

ಎರಡನೇ ಹಂತದ ಹಣವನ್ನು ಈ ಕೆಲಸದಿಂದಲೇ ಹುಟ್ಟಿಸುವುದು ನಮ್ಮ ಒಪ್ಪಂದ. ಖರ್ಚು ಕಳೆದು ಉಳಿದ ಪ್ರತಿ ನೂರರಲ್ಲಿ ನಲವತ್ತು ರೂಪಾಯಿ ಬೇರೆಯೇ ಉಳಿತಾಯ ಖಾತೆಗೆ ಹೋಗಬೇಕು, ಮನೆಯ ದಿನಸಿಗೆ ಅದನ್ನು ಮುಟ್ಟಬಾರದು. ಶ್ರಾವಣದಿಂದ ಐವತ್ತರಷ್ಟು ಮಂದಿ ಖಾಯಂ ಆದರು. ಐಬ್ರೋ ಜೊತೆ ಅಪ್ಪರ್ ಲಿಪ್, ಹಣೆ ಎಂದು ಸೇರಿ ಒಬ್ಬರಿಂದ ಸರಾಸರಿ 60 ರೂಪಾಯಿ ಬರತೊಡಗಿತು. ದೀಪಾವಳಿಯ ಹೊತ್ತಿಗೆ ಆ ಖಾತೆಯಲ್ಲಿ ಕೂಡಿದ್ದರಿಂದ ಮೇಕಪ್ ಸಾಮಗ್ರಿಯ ಮೊದಲ ಕಂತನ್ನು ಕೊಂಡರು: ಅವರ ಊರಿನ ಮೈಬಣ್ಣಗಳಿಗೆ ಹೊಂದುವ, ಒಂದಕ್ಕೊಂದು ಬೆರೆಸಿ ನಡುವಿನ ಬಣ್ಣ ಪಡೆಯಬಹುದಾದ ಮೂರು ಶೇಡ್ ಫೌಂಡೇಶನ್, ಕಣ್ಣಿನ ಕೆಳಗಿನ ಕಪ್ಪಿಗೆ ಕಿತ್ತಳೆ ಬಣ್ಣದ ಕರೆಕ್ಟರ್, ಕನ್ಸೀಲರ್, ಲೂಸ್ ಪೌಡರ್, ಒಂದು ಐ ಪ್ಯಾಲೆಟ್, ನಾಲ್ಕು ಲಿಪ್‌ಸ್ಟಿಕ್, ಒಳ್ಳೆಯ ಬ್ರಷ್‌ಗಳು. ವಧುವಿಗಿಂತ ಮೊದಲು ಸೀಮಂತ, ನಿಶ್ಚಿತಾರ್ಥ, ವಧುವಿನ ಅಕ್ಕತಂಗಿಯರು ಎಂಬ ಕ್ರಮವನ್ನು ಹಾಕಿಕೊಂಡೆವು.

ಒಂದು ನಿಶ್ಚಿತಾರ್ಥದಲ್ಲಿ ತೊಂದರೆಯಾಯಿತು. ಹುಡುಗಿಯ ಮನೆಯವರು "ಸ್ವಲ್ಪ ಬೆಳ್ಳಗೆ ಕಾಣಲಿ" ಎಂದು ಒತ್ತಾಯಿಸಿದ್ದಕ್ಕೆ ಸುಮಾ ಒಂದು ಶೇಡ್ ತಿಳಿಯಾದ ಫೌಂಡೇಶನ್ ಹಚ್ಚಿದರು. ಕನ್ನಡಿಯ ಮುಂದೆ ಚೆನ್ನಾಗಿ ಕಂಡ ಮುಖ ಫೋಟೊದಲ್ಲಿ ಬೂದಿ ಬಳಿದಂತೆ, ಕತ್ತು ಬೇರೆ, ಮುಖ ಬೇರೆ ಎಂಬಂತೆ ಬಂತು. ಆ ಫೋಟೊಗಳನ್ನು ಮುಂದಿಟ್ಟುಕೊಂಡೇ ನಾವು ಕ್ರಮವನ್ನು ತಿದ್ದಿದೆವು. ಶೇಡ್ ನೋಡುವುದು ಕೈಯ ಮೇಲಲ್ಲ. ಬಾಗಿಲ ಬಳಿಯ ಹಗಲ ಬೆಳಕಿನಲ್ಲಿ ದವಡೆಯಂಚಿನಿಂದ ಕತ್ತಿನವರೆಗೆ ಮೂರು ಗೆರೆ ಎಳೆದು, ಹತ್ತು ನಿಮಿಷ ಕಾಯಬೇಕು, ಏಕೆಂದರೆ ಕೆಲವು ಫೌಂಡೇಶನ್‌ಗಳು ಒಣಗಿದ ಮೇಲೆ ಗಾಢವಾಗುತ್ತವೆ. ಕಾಣದಂತೆ ಬೆರೆತ ಗೆರೆಯೇ ಸರಿಯಾದ ಶೇಡ್. ಪೌಡರ್ ಹಾಕಿದ ಮೇಲೆ ಮೊಬೈಲಿನ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆಯಬೇಕು. ಕಣ್ಣಿನ ಕೆಳಗೆ ಬಿಳಿ ಮಚ್ಚೆ ಕಂಡರೆ ಅದು ಸಿಲಿಕಾ ಇರುವ ಪೌಡರಿನದೋ ಸನ್‌ಸ್ಕ್ರೀನಿನದೋ ಪರಿಣಾಮ, ಛತ್ರದ ಫೋಟೊಗ್ರಾಫರ್ ಫ್ಲ್ಯಾಶ್ ಹೊಡೆಯುವ ಮೊದಲೇ ಸರಿಪಡಿಸಬೇಕು. ಬೆಳ್ಳಗೆ ಮಾಡಿ ಎಂದವರಿಗೆ ತಿಳಿ ಶೇಡ್ ಹಚ್ಚಿದ ಮುಖದ ಮತ್ತು ಸರಿಯಾದ ಶೇಡ್ ಹಚ್ಚಿದ ಮುಖದ ಫೋಟೊಗಳನ್ನು ತೋರಿಸಿದರೆ ವಾದವೇ ಬೇಕಾಗುವುದಿಲ್ಲ. ಆದರೆ ಫೋಟೊ ತೋರಿಸಲು, ಸ್ಟೇಟಸ್‌ಗೆ ಹಾಕಲು ಆ ಹುಡುಗಿಯ ಒಪ್ಪಿಗೆ ಕೇಳಲೇಬೇಕು.

ವಧುಗಳನ್ನು ಹುಡುಕುವ ವಿಷಯದಲ್ಲಿ ಸುಮಾ ಬೋರ್ಡ್ ಬರೆಸುವ ಉತ್ಸಾಹದಲ್ಲಿದ್ದರು. ನಾನು ಅವರನ್ನು ರವಿಕೆ ಹೊಲಿಯುವ ಟೈಲರ್ ಬಳಿಗೆ ಕಳುಹಿಸಿದೆ. ಮದುವೆಗೆ ಒಂದು ತಿಂಗಳ ಮೊದಲೇ ವಧುವಿನ ದಿನಾಂಕ, ಸೀರೆಯ ಬಣ್ಣ, ಮನೆಯವರ ಕೈ ಎಷ್ಟು ಧಾರಾಳ ಎಂಬುದೆಲ್ಲ ಗೊತ್ತಿರುವುದು ಅವರಿಗೆ. ಮೊಗ್ಗಿನ ಜಡೆ ಕಟ್ಟುವ ಹೂವಿನವರೂ ಹಾಗೆಯೇ. ಟೈಲರ್ ಅಕ್ಕನಿಗೆ ಸುಮಾ ತಿಂಗಳ ಐಬ್ರೋ ಉಚಿತವಾಗಿ ಮಾಡಿಕೊಟ್ಟರು, ಅವರ ಹೆಸರನ್ನು ತಮ್ಮ ಗ್ರಾಹಕರಿಗೆ ಹೇಳಿದರು. ಮಾಘದಲ್ಲಿ ಬಂದ ಮೊದಲ ವಧು ಈ ದಾರಿಯಲ್ಲೇ ಬಂದದ್ದು.

ನಮ್ಮ ಕಡೆ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಮುಹೂರ್ತ. ಹಾಗಾಗಿ ಒಬ್ಬ ವಧು ಎಂದರೆ ಎರಡು ಅಲಂಕಾರ. ಧಾರೆ ಏಳೂವರೆಗೆ ಇದ್ದರೆ ನಾಲ್ಕು ಗಂಟೆಗೆ ಛತ್ರದಲ್ಲಿರಬೇಕು. ಎರಡಕ್ಕೂ ಸೇರಿ 6,000 ಎಂದು ಮಾತಾಯಿತು. ಕೃತಕ ರೆಪ್ಪೆ, ಪಫ್, ಪಿನ್ನು, ಸ್ಪ್ರೇ ಇತ್ಯಾದಿಗೆ 700, ಎರಡು ಬಾರಿಯ ಆಟೊಗೆ 600, ಸೀರೆ ಉಡಿಸಲು ಜೊತೆಗೆ ಬಂದವರಿಗೆ 1,000 ಕಳೆದು 3,700 ಉಳಿಯಿತು. ಅದರಲ್ಲಿ 1,480 ಸಾಮಗ್ರಿಯ ಖಾತೆಗೆ ಹೋಯಿತು. ದಿನಾಂಕ, ಸ್ಥಳ, ಬರಬೇಕಾದ ಗಂಟೆ, ವಧುವಲ್ಲದೆ ಇನ್ನೆಷ್ಟು ಜನ, ಪ್ರಯಾಣದ ಖರ್ಚು ಯಾರದು ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದು, 2,000 ಮುಂಗಡ ಪಡೆದ ಮೇಲೆಯೇ ದಿನ ಕಾಯ್ದಿರಿಸಬೇಕು ಎಂಬ ನಿಯಮವನ್ನು ಅವರು ಪಾಲಿಸಿದ್ದರಿಂದ, ಬೆಳಗಿನ ಜಾವ "ಅತ್ತಿಗೆಗೂ ಸ್ವಲ್ಪ ಮಾಡಿಬಿಡಿ" ಎಂಬ ಮಾತು ಬಂದಾಗ ದರ ಹೇಳಲು ಕಷ್ಟವಾಗಲಿಲ್ಲ. ವಧುವನ್ನು ವಾರಕ್ಕೆ ಮೊದಲೇ ಕರೆಸಿ, ಶೇಡ್ ನೋಡಿ, ರೆಪ್ಪೆಯ ಅಂಟನ್ನು ಮೊಣಕೈ ಒಳಭಾಗದಲ್ಲಿ ಹಚ್ಚಿ ಎರಡು ದಿನ ಕಾದಿದ್ದರು. ಅರಿಶಿನ ಶಾಸ್ತ್ರಕ್ಕೆ ಹಿಂದಿನ ದಿನ ಥ್ರೆಡಿಂಗ್, ಬ್ಲೀಚ್ ಯಾವುದೂ ಬೇಡ, ಮೂರು ನಾಲ್ಕು ದಿನ ಮೊದಲೇ ಮುಗಿಯಲಿ ಎಂಬುದನ್ನೂ ತಿಳಿಸಿದ್ದರು.

ವೈಶಾಖದ ಕೊನೆಗೆ ಭೇಟಿಯಾದಾಗ ಅವರು ನಾಲ್ಕು ವಧುಗಳಿಗೆ ಅಲಂಕಾರ ಮಾಡಿದ್ದರು. ಒಟ್ಟು ಸಾಮಗ್ರಿಗೆ ಹೂಡಿದ್ದು 19,000ದ ಆಸುಪಾಸು, ಸಾಲವಿಲ್ಲ. ವ್ಯಾಕ್ಸಿಂಗ್ ಮಾತ್ರ ನಿಲ್ಲಿಸಿದ್ದಾರೆ, ಪರದೆಯ ಹಿಂದೆ ಅಷ್ಟು ಮರೆ ಇಲ್ಲ. ಈಗ ಬಸ್ ನಿಲ್ದಾಣದ ಹತ್ತಿರ 4,000 ಬಾಡಿಗೆಯ ಅಂಗಡಿ ಹಿಡಿಯಲೇ ಎಂಬ ಪ್ರಶ್ನೆ ಅವರದು. ಆಷಾಢದ ತಿಂಗಳಲ್ಲಿ ಥ್ರೆಡಿಂಗ್‌ನಿಂದಲೇ ಬಾಡಿಗೆಯಷ್ಟು ಹಣ ಬರುತ್ತದೆಯೇ ಎಂದು ಈ ವರ್ಷ ಬರೆದಿಟ್ಟು ನೋಡಿ, ಬಾರದಿದ್ದರೆ ಜಗಲಿಯ ಕೋಣೆಗೆ ಗಟ್ಟಿಯಾದ ಬಾಗಿಲು ಮಾಡಿಸಿ ವ್ಯಾಕ್ಸಿಂಗ್ ಮತ್ತೆ ಆರಂಭಿಸಿ ಎಂದು ಹೇಳಿದ್ದೇನೆ. ಬಾಗಿಲಿನ ಖರ್ಚಿನಲ್ಲಿ ಅರ್ಧವನ್ನು ತಾನು ಕೊಡುವುದಾಗಿ ಅತ್ತೆಯೇ ಹೇಳಿದ್ದಾರೆ.