ಬೇಲೂರಿನ ಬಗ್ಗೆ ಒಂದೇ ಒಂದು ವಾಕ್ಯ

ಪ್ರಶ್ನೆ: ಮುಖ ತೋರಿಸದೆ, ಬರೀ ಧ್ವನಿಯಲ್ಲಿ ಇತಿಹಾಸದ ಸಂಗತಿಗಳನ್ನು ಹೇಳುವ ಚಾನೆಲ್ ಶುರು ಮಾಡಬೇಕೆಂದಿದ್ದೇನೆ. ನಮ್ಮದು ಚಿಕ್ಕಮಗಳೂರು, ಹಾಗಾಗಿ ಹೊಯ್ಸಳರಿಂದಲೇ ಆರಂಭಿಸುವ ಆಸೆ. ಸ್ಕ್ರಿಪ್ಟಿನಲ್ಲಿ ಬರೆಯುವ ಮಾಹಿತಿ ಸರಿಯಿದೆಯೇ ಎಂದು ಹೇಗೆ ಖಚಿತಪಡಿಸಿಕೊಳ್ಳುವುದು?

ನಮಸ್ಕಾರ. ನಾನು ಹಾಸನದಲ್ಲಿದ್ದುಕೊಂಡು ಇಂಥದೇ ಧ್ವನಿ ನಿರೂಪಣೆಯ ಸ್ಕ್ರಿಪ್ಟುಗಳನ್ನು ಕೆಲವು ವರ್ಷಗಳಿಂದ ಬರೆಯುತ್ತಿದ್ದೇನೆ. ನಾನು ಮೊದಲು ಬರೆದು, ಓದಿಸಿ, ಪ್ರಕಟಿಸಿ, ಆಮೇಲೆ ತೆಗೆದುಹಾಕಬೇಕಾಗಿ ಬಂದ ಒಂದು ವಾಕ್ಯವನ್ನೇ ಉದಾಹರಣೆಯಾಗಿ ಕೊಡುತ್ತೇನೆ: "ಶಿಲ್ಪಿ ಜಕಣಾಚಾರಿ 103 ವರ್ಷಗಳ ಶ್ರಮದಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಟ್ಟಿ ಮುಗಿಸಿದನು." ಈ ಮಾತು ಹತ್ತಾರು ಜಾಲತಾಣಗಳಲ್ಲಿ ಸಿಕ್ಕಿದ್ದರಿಂದ ನಾನು ಅದನ್ನು ನಂಬಿದ್ದೆ. ಹತ್ತು ಕಡೆ ಒಂದೇ ಮಾತು ಅದೇ ಪದಗಳಲ್ಲಿ ಸಿಕ್ಕಿತೆಂದರೆ ಅದು ಹತ್ತು ಸಾಕ್ಷಿಯಲ್ಲ, ಒಂದೇ ಮಾತಿನ ಹತ್ತು ನಕಲು ಎಂಬುದು ಆಗ ನನಗೆ ಹೊಳೆದಿರಲಿಲ್ಲ. ಒಬ್ಬನೇ ಮನುಷ್ಯ ನೂರಮೂರು ವರ್ಷ ದುಡಿಯುವುದು ಹೇಗೆ ಸಾಧ್ಯ ಎಂದು ಕೇಳುಗರೊಬ್ಬರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಇಂಥ ವಾಕ್ಯವನ್ನು ಇಡಿಯಾಗಿ ಪರಿಶೀಲಿಸಲು ಹೋದರೆ ಕೈಗೆ ಏನೂ ಹತ್ತುವುದಿಲ್ಲ. ಅದನ್ನು ಒಡೆಯಬೇಕು. ಯಾರು ಕಟ್ಟಿದರು, ಎಷ್ಟು ಕಾಲ ಹಿಡಿಯಿತು ಎಂಬ ಎರಡು ಬೇರೆ ಬೇರೆ ಪ್ರತಿಪಾದನೆಗಳು ಅದರಲ್ಲಿವೆ, ಯಾವಾಗ ಕಟ್ಟಿದರು ಎಂಬ ಮೂರನೆಯದು ಅವುಗಳ ಹಿಂದೆ ಅಡಗಿದೆ, ಮತ್ತು ಮೂರಕ್ಕೂ ಬೇರೆ ಬೇರೆ ಆಧಾರ ಬೇಕಾಗುತ್ತದೆ.

ನಮ್ಮ ಭಾಗದ ಇತಿಹಾಸಕ್ಕೆ ಮೊದಲು ತೆರೆಯಬೇಕಾದದ್ದು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳನ್ನು. ಬಿ.ಎಲ್. ರೈಸ್ ಅವರು ಸಂಪಾದಿಸಿದ ಹಳೆಯ ಆವೃತ್ತಿಯಲ್ಲಿ ಹಾಸನ ಜಿಲ್ಲೆಯ ಶಾಸನಗಳು ಐದನೆಯ ಸಂಪುಟದಲ್ಲಿಯೂ, ಇಂದಿನ ಚಿಕ್ಕಮಗಳೂರಾದ ಅಂದಿನ ಕಡೂರು ಜಿಲ್ಲೆಯ ಶಾಸನಗಳು ಆರನೆಯ ಸಂಪುಟದಲ್ಲಿಯೂ ಇವೆ. ಶಾಸನದ ಪಾಠದ ಜೊತೆಗೆ ಇಂಗ್ಲಿಷ್ ಅನುವಾದವೂ ಇರುವುದರಿಂದ ಹಳಗನ್ನಡ ಅಷ್ಟಾಗಿ ತಿಳಿಯದವರೂ ಅದನ್ನು ಬಳಸಬಹುದು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿ ಸಿಕ್ಕರೆ ಅದರೊಂದಿಗೆ ಹೋಲಿಸಿ ನೋಡಿ. ಇದಲ್ಲದೆ ಬೇಲೂರಿನ ಕೇಶವ ದೇವಾಲಯವೊಂದನ್ನೇ ಕುರಿತು ಆರ್. ನರಸಿಂಹಾಚಾರ್ಯರು 1919ರಲ್ಲಿ ಮೈಸೂರು ಪುರಾತತ್ವ ಇಲಾಖೆಯಿಂದ ಹೊರತಂದ ಪುಸ್ತಕವಿದೆ.

ಮೊದಲು ಕಾಲವನ್ನು ನೋಡೋಣ, ಏಕೆಂದರೆ ಅದನ್ನು ನೀವೇ ಲೆಕ್ಕಹಾಕಿ ಪರೀಕ್ಷಿಸಬಹುದು. ಹೊಯ್ಸಳ ದೊರೆ ವಿಷ್ಣುವರ್ಧನನು ವಿಜಯನಾರಾಯಣನನ್ನು, ಅಂದರೆ ನಾವು ಇಂದು ಚೆನ್ನಕೇಶವ ಎನ್ನುವ ದೇವರನ್ನು ಪ್ರತಿಷ್ಠಾಪಿಸಿದ್ದನ್ನು ಹೇಳುವ ಶಾಸನದ ಕಾಲ ಶಕವರ್ಷ 1039, ಹೇಮಲಂಬಿ ಸಂವತ್ಸರದ ಚೈತ್ರ ಮಾಸ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ 1117 ಬರುತ್ತದೆ. ಸಂವತ್ಸರದ ಹೆಸರು ಇನ್ನೊಂದು ಸಾಕ್ಷಿ: ಪಂಚಾಂಗದ ಹೆಸರುಗಳು 60 ವರ್ಷಕ್ಕೊಮ್ಮೆ ಮರಳಿ ಬರುತ್ತವೆ, 2017ರ ಯುಗಾದಿಯಂದು ನಾವು ಬರಮಾಡಿಕೊಂಡದ್ದು ಹೇವಿಳಂಬಿ ಎಂದೂ ಕರೆಯುವ ಇದೇ ಸಂವತ್ಸರವನ್ನು, ಮತ್ತು 2017ರಿಂದ 1117ಕ್ಕೆ ಹಿಂದೆ ಹೋದರೆ 900 ವರ್ಷ, ಅಂದರೆ ಸರಿಯಾಗಿ ಹದಿನೈದು ಸುತ್ತು. ಎರಡು ಲೆಕ್ಕಗಳೂ ಒಂದೇ ವರ್ಷಕ್ಕೆ ಬಂದು ನಿಂತ ಮೇಲೆ ನಾನು ಆ ತೇದಿಯನ್ನು ನಿಶ್ಚಿಂತೆಯಿಂದ ಬರೆಯುತ್ತೇನೆ. ಒಂದು ಎಚ್ಚರಿಕೆ ಮಾತ್ರ ಇರಲಿ: ಶಾಸನದಲ್ಲಿರುವುದು ಮಾಘ ಅಥವಾ ಫಾಲ್ಗುಣದಂಥ ವರ್ಷದ ಕೊನೆಯ ಮಾಸವಾಗಿದ್ದರೆ ಜನವರಿ ದಾಟಿರುತ್ತದೆ, ಆಗ ಕೂಡಿಸಬೇಕಾದದ್ದು 79.

ಇನ್ನು 103 ವರ್ಷ. ಶಾಸನ ಪ್ರತಿಷ್ಠೆಯ ವರ್ಷವನ್ನು ಹೇಳುತ್ತದೆಯೇ ಹೊರತು ಕಟ್ಟಲು ಎಷ್ಟು ಕಾಲ ಬೇಕಾಯಿತೆಂದು ಲೆಕ್ಕ ಕೊಡುವುದಿಲ್ಲ. ದೇವಾಲಯಕ್ಕೆ ಮುಂದೆಯೂ ಸೇರ್ಪಡೆಗಳಾದವು, ಗೋಡೆಗಳ ಜಾಲಂಧ್ರಗಳು, ಅಂದರೆ ರಂಧ್ರ ಕೊರೆದ ಕಲ್ಲಿನ ಜಾಲರಿಗಳು, ಇಮ್ಮಡಿ ಬಲ್ಲಾಳನ ಕಾಲದವು. ಆತನ ಆಳ್ವಿಕೆ ಮುಗಿದ 1220ರಿಂದ 1117ನ್ನು ಕಳೆದರೆ 103 ಉಳಿಯುತ್ತದೆ. ಆ ಅಂಕಿ ಹುಟ್ಟಿದ್ದು ಹೀಗೆಯೇ ಇರಬೇಕೆಂಬುದು ನನ್ನ ಊಹೆ. ಊಹೆಯಾದ್ದರಿಂದಲೇ ಅದನ್ನು ಸ್ಕ್ರಿಪ್ಟಿಗೆ ಸೇರಿಸಲಿಲ್ಲ.

ಶಿಲ್ಪಿಯ ವಿಷಯ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಜಕಣಾಚಾರಿಯ ಕಥೆ, ಕಪ್ಪೆ ಚೆನ್ನಿಗರಾಯನ ವಿಗ್ರಹದ ಹೊಕ್ಕುಳಿನಿಂದ ಕಪ್ಪೆ ಹೊರಬಂದ ಪ್ರಸಂಗ, ಮಗ ಡಂಕಣನ ಸವಾಲು ನಮ್ಮ ಜನಕ್ಕೆ ಬಹಳ ಪ್ರಿಯವಾದವು, ನನಗೂ ಪ್ರಿಯವೇ. ಆದರೆ ಬೇಲೂರಿನ ಶಿಲ್ಪಗಳ ಕೆಳಗೆ ಕೊರೆದಿರುವ ಹೆಸರುಗಳಲ್ಲಿ ಕಾಣುವವರು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು, ಜಕಣಾಚಾರಿಯಲ್ಲ. ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಮಾಡಿಸಿದವಳು ರಾಣಿ ಶಾಂತಲೆ. ಹಾಗೆಂದು ಕಥೆಯನ್ನು ಸ್ಕ್ರಿಪ್ಟಿನಿಂದ ತೆಗೆಯಬೇಕಾಗಿಲ್ಲ, ಅದು ಕಥೆಯೆಂದು ಕೇಳುವವರಿಗೆ ಗೊತ್ತಾಗಬೇಕು.

ಮುಖವಿಲ್ಲದ ಚಾನೆಲ್ಲಿನ ನಿಜವಾದ ತೊಡಕು ಇಲ್ಲಿದೆ. ಎದುರು ಕುಳಿತು ಮಾತನಾಡುವವರು ಹುಬ್ಬೇರಿಸಿಯೋ ನಕ್ಕೋ "ಇದು ಕಥೆ" ಎಂದು ಸೂಚಿಸಬಲ್ಲರು. ನಮಗೆ ಇರುವುದು ಧ್ವನಿ ಮಾತ್ರ. ಅದರ ಮೇಲೆ ನಮ್ಮ ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. "ಜಕಣಾಚಾರಿಯು ಈ ವಿಗ್ರಹವನ್ನು ಕೆತ್ತಿದಾಗ ಅದರ ಹೊಕ್ಕುಳಿನಿಂದ ಕಪ್ಪೆ ಹೊರಬಂದಿತು ಎಂಬ ಐತಿಹ್ಯವಿದೆ" ಎಂದು ಬರೆದರೆ, ಆ "ಐತಿಹ್ಯ" ಕಿವಿಗೆ ಬೀಳುವ ಹೊತ್ತಿಗೆ ಕೇಳುವವರು ಕಪ್ಪೆಯನ್ನು ಕಂಡು ನಂಬಿ ಆಗಿರುತ್ತದೆ, ಪರದೆಯ ಮೇಲೆ ಮುಂದಿನ ಚಿತ್ರವೂ ಬಂದಿರುತ್ತದೆ. ಓದುವವರು ಹಿಂದಿರುಗಿ ನೋಡುತ್ತಾರೆ, ಕೇಳುವವರು ಹಿಂದಿರುಗುವುದಿಲ್ಲ. ಆದ್ದರಿಂದ ಆಧಾರವನ್ನು ಹೇಳುವ ಮಾತನ್ನು ವಾಕ್ಯದ ತಲೆಗೆ ತನ್ನಿ: "ಬೇಲೂರಿನವರು ತಲೆಮಾರುಗಳಿಂದ ಹೇಳುತ್ತ ಬಂದಿರುವ ಒಂದು ಕಥೆಯಿದೆ." ಅಲ್ಲೊಂದು ನಿಲುಗಡೆ ಕೊಟ್ಟು ಕಥೆ ಹೇಳಿ. ಅದು ಮುಗಿದಾಗ "ಕಲ್ಲಿನ ಮೇಲಿರುವ ಬರಹ ಬೇರೆ ಹೆಸರುಗಳನ್ನು ಹೇಳುತ್ತದೆ" ಎಂದು ಹೊಸ ವಾಕ್ಯದಿಂದ ದಾಸೋಜನಿಗೆ ಬನ್ನಿ.

"ಆದ್ದರಿಂದ", "ಇದಕ್ಕಾಗಿಯೇ" ಎಂಬ ಸಣ್ಣ ಪದಗಳಿಗೂ ಆಧಾರ ಬೇಕು. ವಿಷ್ಣುವರ್ಧನನು 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದನು, 1117ರಲ್ಲಿ ಬೇಲೂರಿನಲ್ಲಿ ಪ್ರತಿಷ್ಠೆ ನಡೆಯಿತು. ಎರಡೂ ಸಂಗತಿಗಳು ದೃಢವಾದವು. "ಆ ವಿಜಯದ ನೆನಪಿಗಾಗಿಯೇ ಕಟ್ಟಿಸಿದನು" ಎಂಬುದು ಮಾತ್ರ ವಿದ್ವಾಂಸರ ಅಭಿಪ್ರಾಯ, ರಾಮಾನುಜಾಚಾರ್ಯರ ಪ್ರಭಾವವನ್ನು ಕಾರಣವಾಗಿ ಹೇಳುವವರೂ ಇದ್ದಾರೆ. ನಾನು ಈಗ "ತಲಕಾಡಿನ ಗೆಲುವಿನ ಮರುವರ್ಷ" ಎಂದಷ್ಟೇ ಬರೆಯುತ್ತೇನೆ.

ಬರೆಯುವ ಕ್ರಮ ಸರಳವಾಗಿದೆ. ಹಾಳೆಯ ಎಡಕ್ಕೆ ಓದುವ ವಾಕ್ಯ, ನಡುವೆ ಅದಕ್ಕೆ ತೋರಿಸುವ ಚಿತ್ರ, ಬಲಕ್ಕೆ ಆಧಾರ, ಪುಟಸಂಖ್ಯೆಯ ಸಮೇತ. ಬಲಗಡೆ ಖಾಲಿ ಉಳಿದ ವಾಕ್ಯವನ್ನು ನಾನು ಧ್ವನಿಮುದ್ರಣಕ್ಕೆ ಕಳಿಸುವುದಿಲ್ಲ. ಚಿತ್ರದ ಅಂಕಣವೂ ಮುಖ್ಯ, ಏಕೆಂದರೆ ಬೇಲೂರಿನ ಮಾತಿಗೆ ಹಳೇಬೀಡಿನ ಗೋಡೆಯ ಚಿತ್ರ ಹಾಕಿದರೆ ವಾಕ್ಯ ಸರಿಯಿದ್ದೂ ವಿಡಿಯೊ ತಪ್ಪಾಗುತ್ತದೆ. ಓದುವ ಪ್ರತಿಯಲ್ಲಿ ಇಸವಿಗಳನ್ನು "ಸಾವಿರದ ನೂರ ಹದಿನೇಳು" ಎಂದು ಅಕ್ಷರದಲ್ಲೇ ಬರೆದಿಡಿ. ನನ್ನ ಓದಿನ ವೇಗ ನಿಮಿಷಕ್ಕೆ ಸುಮಾರು ನೂರು ಪದ, ಹಾಗಾಗಿ ಎಂಟು ನಿಮಿಷದ ವಿಡಿಯೊಗೆ ಎಂಟುನೂರು ಪದ ಸಾಕಾಗುತ್ತದೆ.

ಆ ಹಳೆಯ ವಾಕ್ಯದ ಜಾಗದಲ್ಲಿ ಈಗ ನನ್ನ ಸ್ಕ್ರಿಪ್ಟಿನಲ್ಲಿರುವುದು ಇದು: "ತಲಕಾಡಿನ ಗೆಲುವಿನ ಮರುವರ್ಷ, ಸಾವಿರದ ನೂರ ಹದಿನೇಳರಲ್ಲಿ, ವಿಷ್ಣುವರ್ಧನ ಇಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ. ಕೆತ್ತಿದವರಲ್ಲಿ ಕೆಲವರು ತಮ್ಮ ಹೆಸರನ್ನು ಕಲ್ಲಿನ ಮೇಲೆಯೇ ಬಿಟ್ಟುಹೋಗಿದ್ದಾರೆ. ಅವರಲ್ಲೊಬ್ಬ ಬಳ್ಳಿಗಾವೆಯ ದಾಸೋಜ."