‘ಮಕ್ಕಳಿಲ್ಲ’ ಎಂದರೆ ಒಂದೂ ಇಲ್ಲವೇಕೆ?

> ಬಹುವಚನವೆಂದರೆ ಒಂದಕ್ಕಿಂತ ಹೆಚ್ಚು ತಾನೆ? ಹಾಗಾದರೆ ಒಬ್ಬಳೇ ಮಗಳಿರುವವರು ‘ನಮಗೆ ಮಕ್ಕಳಿಲ್ಲ’ ಎಂದರೆ ಅದು ಸುಳ್ಳಾಗುವುದೇಕೆ?

ಬಹುವಚನದ ಮೂಲಾರ್ಥ ‘ಒಂದು ಅಥವಾ ಹೆಚ್ಚು’ ಎಂದಿಟ್ಟುಕೊಳ್ಳಿ, ತೊಡಕು ಬಿಡಿಸಿಕೊಳ್ಳುತ್ತದೆ. ಅದನ್ನು ನಿರಾಕರಿಸಿದರೆ ಒಬ್ಬರೂ ಉಳಿಯುವುದಿಲ್ಲ. ಪ್ರಶ್ನೆಯಲ್ಲೂ ಹೀಗೆಯೇ: ‘ಮಕ್ಕಳಿದ್ದಾರೆಯೇ?’ ಎಂದು ಕೇಳಿದರೆ ಒಬ್ಬಳೇ ಮಗಳಿರುವವರು ‘ಹೌದು, ಒಬ್ಬಳು’ ಎನ್ನುತ್ತಾರೆ. ‘ಇಲ್ಲ, ಒಬ್ಬಳೇ’ ಎನ್ನುವುದಿಲ್ಲ.

‘ಅವರಿಗೆ ಮಕ್ಕಳಿದ್ದಾರೆ’ ಎಂದಾಗ ಮಾತ್ರ ಇಬ್ಬರಾದರೂ ಇರಬೇಕೆನಿಸುತ್ತದೆ. ಇದು ಕೇಳುಗರ ಊಹೆ: ಒಬ್ಬಳೇ ಆಗಿದ್ದರೆ ಏಕವಚನದಲ್ಲೇ ಖಚಿತವಾಗಿ ಹೇಳಬಹುದಿತ್ತಲ್ಲ! ನಿರಾಕರಣೆಯಲ್ಲಿ ಈ ಊಹೆಗೆ ಆಸ್ಪದವಿಲ್ಲ.

‘ಆ’, ‘ಈ’ಯಂಥ ಪದ ಸೇರದ ಬರಿಯ ಬಹುವಚನವು ‘ನೀರಿ’ನಂಥ, ಎಣಿಸಲಾಗದ ವಸ್ತುಗಳ ಹೆಸರುಗಳಾದ ರಾಶಿನಾಮಗಳಿಗೆ ಹತ್ತಿರವಾಗುವುದನ್ನೂ ಗಮನಿಸಿ. ನೀರಿಗೆ ನೀರು ಸೇರಿಸಿದರೆ ನೀರೇ, ಮಕ್ಕಳಿಗೆ ಮಕ್ಕಳು ಸೇರಿದರೆ ಮಕ್ಕಳೇ. ಆದರೆ ಒಂದು ಮಗುವಿಗೆ ಇನ್ನೊಂದು ಸೇರಿದರೆ ಅದು ‘ಒಂದು ಮಗು’ ಅಲ್ಲ. ಜರ್ಮನ್ ತರ್ಕಶಾಸ್ತ್ರಜ್ಞ ಗೋಡೆಹಾರ್ಡ್ ಲಿಂಕ್ 1983ರಲ್ಲಿ ಈ ಸಾಮ್ಯವನ್ನೇ ಗಣಿತದ ರೂಪದಲ್ಲಿ ವಿವರಿಸಿದರು.

ಒಂದು ಮಿತಿಯಿದೆ. ‘ಆ ಮಕ್ಕಳು ಬರಲಿಲ್ಲ’ ಎನ್ನಿ: ನಿರಾಕರಣೆಯಿದ್ದರೂ ಅಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳು ಇದ್ದೇ ಇದ್ದಾರೆ. ‘ಆ’ ಸೇರಿದ ಕೂಡಲೇ ಅದು ಬರಿಯ ಬಹುವಚನವಾಗಿ ಉಳಿಯುವುದಿಲ್ಲ.