ಬೇಗ ಕಂಡುಹಿಡಿದರೆ ಆಯುಷ್ಯ ಹೆಚ್ಚುತ್ತದೆಯೇ?

“ಸಿಂಧನೂರಿನ ಕ್ಯಾಂಪಿನಲ್ಲಿ ಅವ್ವನ ಥೈರಾಯ್ಡ್ ಸ್ಕ್ಯಾನ್ ಮಾಡಿಸಬೇಕಾ? ಆಕೆಗೆ ತೊಂದರೆ ಏನಿಲ್ಲ. ಕ್ಯಾನ್ಸರ್ ಬೇಗ ಸಿಕ್ಕರೆ ಐದು ವರ್ಷ ಬದುಕೋರು ಜಾಸ್ತಿ ಅಂತ ಕರಪತ್ರದಾಗ ಐತಿ.”

ಮೊದಲು ಆ ‘ಐದು ವರ್ಷ’ದ ಲೆಕ್ಕ ನೋಡ್ರಿ. ಒಬ್ಬರಿಗೆ 67ನೇ ವಯಸ್ಸಿಗೆ ಗಂಟು ಕೈಗೆ ಸಿಕ್ಕು, 70ಕ್ಕೆ ತೀರಿಕೊಂಡರು ಅಂದುಕೊಳ್ರಿ. ರೋಗ ಗೊತ್ತಾದ ಮೇಲೆ ಬದುಕಿದ್ದು ಮೂರು ವರ್ಷ. ಅವರಿಗೇ 60ರಲ್ಲಿ ಸ್ಕ್ಯಾನ್ ಮಾಡಿ, ಚಿಕಿತ್ಸೆಯಿಂದ ಏನೂ ಬದಲಾಗದೆ 70ಕ್ಕೇ ತೀರಿಕೊಂಡಿದ್ದರೆ? ಲೆಕ್ಕದಲ್ಲಿ ಹತ್ತು ವರ್ಷ ಬದುಕಿದರು, ‘ಐದು ವರ್ಷ ದಾಟಿದವರ’ ಪಟ್ಟಿಗೂ ಸೇರಿದರು. ಸಾವಿನ ದಿನ ಮಾತ್ರ ಸರಿಯಲಿಲ್ಲ. ರೋಗಿ ಅನ್ನಿಸಿಕೊಂಡ ಕಾಲ ಏಳು ವರ್ಷ ಬೆಳೆಯಿತು, ಅಷ್ಟೇ.

ಥೈರಾಯ್ಡಿನಲ್ಲಿ ಇನ್ನೊಂದು ತೊಡಕಿದೆ. ಸಾಯುವತನಕ ಸುಮ್ಮನೆ ಇರುವ ಪ್ಯಾಪಿಲರಿ ಅನ್ನುವ ಬಗೆಯ ಸಣ್ಣ ಕ್ಯಾನ್ಸರ್ ಗಂಟುಗಳು ಬಹಳ ಮಂದಿಯಲ್ಲಿರುತ್ತವೆ. ದಕ್ಷಿಣ ಕೊರಿಯಾದಲ್ಲಿ ಸ್ಕ್ಯಾನ್ ಹೆಚ್ಚಾದಂತೆ, 2011ರ ಹೊತ್ತಿಗೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ರ ಸುಮಾರು 15 ಪಟ್ಟಾಯಿತು. ಸಾವಿನ ಪ್ರಮಾಣ ಇಳಿಯಲೇ ಇಲ್ಲ. ಹೆಚ್ಚಿನವರಿಗೆ ಆಪರೇಷನ್ ಆಯಿತು. ಗ್ರಂಥಿ ಪೂರ್ತಿ ತೆಗೆದರೆ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಕ್ಸಿನ್ ಗುಳಿಗೆ, ಜೀವನಪೂರ್ತಿ. ಕೆಲವರಿಗೆ ಕ್ಯಾಲ್ಸಿಯಂ ಕುಸಿಯುತ್ತದೆ, ಧ್ವನಿಯ ನರಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ. ಆ ಗಂಟು ಎಂದೂ ಕಾಡದೆ ಇರಬಹುದಿತ್ತಲ್ಲ ಅನ್ನುವುದೇ ಸಂಕಟ.

ಕುತ್ತಿಗೆಯಲ್ಲಿ ಗಂಟು, ಹೋಗದ ಗೊಗ್ಗರು ದನಿ, ನುಂಗಲು ತೊಂದರೆ, ಮನೆತನದಲ್ಲಿ ಈ ಕ್ಯಾನ್ಸರ್, ಚಿಕ್ಕಂದಿನಲ್ಲಿ ಕುತ್ತಿಗೆಗೆ ರೇಡಿಯೇಷನ್, ಇವು ಯಾವುದೂ ಇಲ್ಲದಿದ್ದರೆ ಅವ್ವಗೆ ಸ್ಕ್ಯಾನ್ ಬೇಡ. ಒಂದಾದರೂ ಇದ್ದರೆ ಡಾಕ್ಟರಿಗೆ ತೋರಿಸ್ರಿ. ಅದು ತೊಂದರೆ ಇಲ್ಲದವರನ್ನೆಲ್ಲ ಪರೀಕ್ಷಿಸುವ ಸ್ಕ್ರೀನಿಂಗ್ ಅಲ್ಲ, ಕಾರಣ ಇದ್ದು ಮಾಡಿಸುವ ತಪಾಸಣೆ. ಎಲ್ಲ ಸ್ಕ್ರೀನಿಂಗೂ ಹೀಗಲ್ಲ, ಗರ್ಭಕಂಠದ ಪರೀಕ್ಷೆ ನಿಜವಾಗಿ ಸಾವು ತಗ್ಗಿಸುತ್ತದೆ. ಕ್ಯಾಂಪಿನವರನ್ನು ಹೀಗೆ ಕೇಳ್ರಿ: “ಸ್ಕ್ಯಾನ್ ಆದ ಸಾವಿರ ಮಂದಿಯಲ್ಲಿ, ಆಗದ ಸಾವಿರ ಮಂದಿಗಿಂತ ಎಷ್ಟು ಕಡಿಮೆ ಜನ ಸತ್ತರು?”